‘ಸಾಬೀತಾಗಿದೆ’ ಎಂಬ ಸಾಲಿಗೆ ಗೀಟು ಬಿದ್ದ ಮೇಲೆ

ದಸರಾ ರಜೆಗೆ ನಮ್ಮಣ್ಣನ ಮಗಳು ಕಲಬುರಗಿಗೆ ಬಂದಿದ್ದಳು. ಚಿತ್ತಾಪುರ ಕಡೆಯ ಒಂದು ವಸತಿ ಶಾಲೆಯಲ್ಲಿ ಒಂಬತ್ತನೇ ತರಗತಿ. ಬಂದ ಎರಡನೇ ದಿನ ಒಂದು ಹಾಳೆ ಹಿಡಿದು ನನ್ನ ಮುಂದೆ ಕೂತಳು. "ಕಾಕಾ, ಪ್ರಿನ್ಸಿಪಾಲ್ ಸರ್‌ಗೆ ಪತ್ರ ಬರ್ದೀನಿ. ತಪ್ಪು ಇದ್ರ ನೋಡ್ರಿ. ರಜಾ ಮುಗಿದ ಕೂಡ್ಲೆ ಕೊಡೋದದ."

ನಾನು ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುವವನು. ಅವಳಿಗೆ ಬೇಕಿದ್ದದ್ದು ಕಾಗುಣಿತ ನೋಡುವವರು, ಅಷ್ಟೇ. ಆದರೆ ಓದುತ್ತಾ ಹೋದಂತೆ ನನ್ನ ಪೆನ್ನು ಬೇರೆ ಕಡೆ ಹೊರಳಿತು.

ಪತ್ರದ ನಡುಭಾಗ ಹೀಗಿತ್ತು: "ಮೈಂಡ್‌ಫುಲ್‌ನೆಸ್‌ನಿಂದ ಮಕ್ಕಳ ಒತ್ತಡ ಕಡಿಮೆಯಾಗುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ. ಆದ್ದರಿಂದ 6ರಿಂದ 10ನೇ ತರಗತಿಯ ಎಲ್ಲರಿಗೂ ದಿನಾ ಬೆಳಿಗ್ಗೆ 20 ನಿಮಿಷ ಕಣ್ಣು ಮುಚ್ಚಿ ಕೂರುವುದನ್ನು ಕಡ್ಡಾಯ ಮಾಡಬೇಕೆಂದು ವಿನಂತಿ. ಇದರಿಂದ ನಮ್ಮ ಶಾಲೆಯ ಫಲಿತಾಂಶವೂ ಸುಧಾರಿಸುತ್ತದೆ."

ಮೂರು ವಾಕ್ಯ. ಮೂರಕ್ಕೂ ಗೀಟು ಹಾಕಬೇಕಾಯಿತು. ಯಾಕೆ ಹಾಕಿದೆ, ಆ ಜಾಗದಲ್ಲಿ ಅವಳು ಏನು ಬರೆದಳು ಎನ್ನುವುದೇ ಈ ಲೇಖನ.

ಮೊದಲು ಈ ಮೈಂಡ್‌ಫುಲ್‌ನೆಸ್ ಅಂದರೆ ಏನು ನೋಡೋಣ. ನಮ್ಮ ಕಡೆ ಮಾಸ್ತರರು "ಲಕ್ಷ್ಯ ಕೊಟ್ಟು ಕೇಳ್ರೋ" ಅನ್ನುತ್ತಾರಲ್ವಾ, ಆ ಲಕ್ಷ್ಯವೇ ಇದು. ಪಾಠದ ಬದಲು ಈಗ ನಡೆಯುತ್ತಿರುವುದರ ಮೇಲೆ ಇಡಬೇಕು. ಬೆಂಚಿನ ಮೇಲೆ ಕೂರುತ್ತೀರಿ. ಪಾದ ನೆಲಕ್ಕೆ ತಾಗಿರುವುದು ಗೊತ್ತಾಗುತ್ತದೆ. ಉಸಿರು ಬರುವುದು, ಹೋಗುವುದು ಗೊತ್ತಾಗುತ್ತದೆ. ಹತ್ತು ಸೆಕೆಂಡ್ ಆಗಿರುವುದಿಲ್ಲ, ಮನಸ್ಸು ನಿನ್ನೆಯ ಜಗಳಕ್ಕೋ ನಾಳೆಯ ಗಣಿತದ ಟೆಸ್ಟಿಗೋ ಓಡಿರುತ್ತದೆ. ಓಡಿದ್ದು ಗೊತ್ತಾದ ಕೂಡಲೇ ಬೈದುಕೊಳ್ಳದೆ ವಾಪಸ್ ಉಸಿರಿಗೆ ಬರಬೇಕು. ಓಡುವುದು ತಪ್ಪಲ್ಲ. ಓಡಿದೆ ಎಂದು ಗೊತ್ತಾಗುವ ಆ ಕ್ಷಣವೇ ಇಲ್ಲಿನ ಅಭ್ಯಾಸ. ಪ್ರಾಣಾಯಾಮದಲ್ಲಿ ಉಸಿರನ್ನು ಎಳೆಯುತ್ತೇವೆ, ಹಿಡಿಯುತ್ತೇವೆ, ಬಿಡುತ್ತೇವೆ. ಇಲ್ಲಿ ಉಸಿರನ್ನು ಅದರ ಪಾಡಿಗೆ ಬಿಟ್ಟು ಸುಮ್ನೆ ಗಮನಿಸಬೇಕು. ಮಂತ್ರ ಇಲ್ಲ, ದೇವರ ಹೆಸರು ಇಲ್ಲ. ಎಲ್ಲಾ ಮನೆಯ ಮಕ್ಕಳೂ ಕೂಡಿ ಇರುವ ವಸತಿ ಶಾಲೆಯಲ್ಲಿ ಈ ಮಾತನ್ನು ಪತ್ರದಲ್ಲೇ ಬರೆಯುವುದು ಒಳ್ಳೆಯದು. ಅವಳು ಬರೆದಳು.

ಈಗ ಮೊದಲ ಗೀಟು. ‘ಸಾಬೀತು ಮಾಡಿದ್ದಾರೆ.’

ಈ ಮಾತು ಪೂರಾ ಸುಳ್ಳಲ್ಲ, ಅದೇ ತೊಂದರೆ. ಈಗಿನ ರೂಪದ ಮೈಂಡ್‌ಫುಲ್‌ನೆಸ್ ತರಬೇತಿ ಶುರುವಾದದ್ದು 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಜಾನ್ ಕಬಟ್-ಜಿನ್ ಎಂಬವರು ವರ್ಷಗಟ್ಟಲೆ ನೋವಿನಿಂದ ನರಳುತ್ತಿದ್ದ ರೋಗಿಗಳಿಗೆ ಇದನ್ನು ಕಲಿಸಿದರು. ಮುಂದೆ ದೊಡ್ಡವರ ಮೇಲೆ ಬಹಳಷ್ಟು ಪರೀಕ್ಷೆಗಳು ನಡೆದವು. 2014ರಲ್ಲಿ ಮೈಂಡ್‌ಫುಲ್‌ನೆಸ್ ಮತ್ತು ಬೇರೆ ಧ್ಯಾನಗಳ 47 ಪರೀಕ್ಷೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಮೈಂಡ್‌ಫುಲ್‌ನೆಸ್‌ನಿಂದ ಆತಂಕ, ಖಿನ್ನತೆ ಮತ್ತು ನೋವಿನಲ್ಲಿ ಒಂದಿಷ್ಟು ಇಳಿಕೆ ಕಂಡಿತು. ಆದರೆ ವ್ಯಾಯಾಮ, ಔಷಧಿಯಂಥ ಬೇರೆ ದಾರಿಗಳಿಗಿಂತ ಇದು ಮೇಲು ಅನ್ನುವುದಕ್ಕೆ ಪುರಾವೆ ಸಿಗಲಿಲ್ಲ.

ಗಮನಿಸಿ, ಅವರೆಲ್ಲ ದೊಡ್ಡವರು. ಬಹಳಷ್ಟು ಜನ ತೊಂದರೆ ಇದ್ದು ತಾವಾಗಿ ಬಂದವರು. ಆ ಮೂಲ ಕೋರ್ಸಿನ ಪ್ರಮಾಣವೂ ದೊಡ್ಡದು. ಎಂಟು ವಾರ, ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ. ಅಲ್ಲಿಗೆ 20 ಗಂಟೆ. ಮನೆಯಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ 45 ನಿಮಿಷ. ಅದು 36 ಗಂಟೆ. ಕೂಡಿದರೆ 56 ಗಂಟೆ. ಈ ದೊಡ್ಡವರ ಫಲಿತಾಂಶ ತೋರಿಸಿ, ಹದಿಮೂರು ವರ್ಷದ ಮಕ್ಕಳ ಇಡೀ ಕ್ಲಾಸಿಗೆ ವಾರಕ್ಕೊಂದು ಪೀರಿಯಡ್ ಕೊಟ್ಟು, ಅದೇ ಫಲ ಸಿಗುತ್ತದೆ ಅನ್ನುವುದು ಎಕರೆ ಹೊಲಕ್ಕೆ ಒಂದು ಹಿಡಿ ಗೊಬ್ಬರ ಎರಚಿ ತೊಗರಿ ಲೆಕ್ಕ ಹಾಕಿದಂತೆ.

ಹಾಗಾದರೆ ಶಾಲೆಯಲ್ಲೇ ಯಾರಾದರೂ ಪರೀಕ್ಷಿಸಿದ್ದಾರಾ? ಹೌದು, ಬಹಳ ದೊಡ್ಡದಾಗಿಯೇ. ಆಕ್ಸ್‌ಫರ್ಡ್‌ನ ವಿಲ್ಲೆಮ್ ಕಯ್ಕೆನ್ ಮುಂದಾಳತ್ವದಲ್ಲಿ ಬ್ರಿಟನ್ನಿನಲ್ಲಿ ನಡೆದ ‘ಮಿರಿಯಡ್’ ಎಂಬ ಪ್ರಯೋಗ. ಫಲಿತಾಂಶ ಬಂದದ್ದು 2022ರಲ್ಲಿ. 84 ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳು, ಬಹುತೇಕ 11ರಿಂದ 13 ವರ್ಷದವರು. ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಎರಡು ಪಾಲು ಮಾಡಿದರು. ಒಂದು ಪಾಲಿನ ಶಾಲೆಗಳಲ್ಲಿ ಟೀಚರುಗಳೇ ಮೊದಲು ತಾವು ಮೈಂಡ್‌ಫುಲ್‌ನೆಸ್ ಕಲಿತು, ಆಮೇಲೆ ಮಕ್ಕಳಿಗೆ ಹತ್ತು ಪಾಠ ಮಾಡಿದರು. ಇನ್ನೊಂದು ಪಾಲಿನಲ್ಲಿ ಭಾವನೆ, ಗೆಳೆತನ ಇತ್ಯಾದಿ ಬಗ್ಗೆ ಮೊದಲಿಂದ ನಡೆಯುತ್ತಿದ್ದ ಪಾಠವೇ ನಡೆಯಿತು. ಒಂದು ವರ್ಷದ ನಂತರ ಅಳೆದರು. ಖಿನ್ನತೆಯ ಅಪಾಯ, ನಡವಳಿಕೆ, ಮನಸ್ಸಿನ ನೆಮ್ಮದಿ, ಮೂರರಲ್ಲೂ ಮೈಂಡ್‌ಫುಲ್‌ನೆಸ್ ಪಾಲು ಮುಂದಿರಲಿಲ್ಲ.

ಅವಳ ಮುಖ ಸಪ್ಪಗಾಯಿತು. "ಹಂಗಾದ್ರ ಪತ್ರ ಹರಿದು ಒಗೀಲೇನು?"

ಬೇಡ ಎಂದೆ. ಒಂದು ಪ್ರಯೋಗ ಸೋತರೆ ಅದು ಎಲ್ಲಿ ಸೋತಿತು ಎಂದು ನೋಡಬೇಕು. ಇಲ್ಲಿ ನೋಡುವಂಥವು ಮೂರಿದ್ದವು. ಬಹುಪಾಲು ಮಕ್ಕಳು ಪಾಠದ ಹೊರಗೆ ಅಭ್ಯಾಸ ಮಾಡಲೇ ಇಲ್ಲ. ಕೇಳಿ ಬಿಟ್ಟರು, ಅಷ್ಟೇ. ಈಜು ಕಲಿಯಲು ಬೋರ್ಡ್ ಮೇಲೆ ಚಿತ್ರ ನೋಡಿದಂತೆ. ಎರಡನೆಯದು ಸ್ವಲ್ಪ ಕಹಿ. ಮೊದಲೇ ಮನಸ್ಸಿನ ತೊಂದರೆಯ ಅಪಾಯವಿದ್ದ ಮಕ್ಕಳಲ್ಲಿ ಕೆಲವು ಅಳತೆಗಳು ತುಸು ಕೆಟ್ಟ ಕಡೆಗೇ ವಾಲಿದ್ದವು. ಮೂರನೆಯದು ಯಾರೂ ಅಷ್ಟಾಗಿ ಮಾತಾಡದ್ದು. ಕೋರ್ಸ್ ಮುಗಿದ ಹೊತ್ತಿಗೆ ಟೀಚರುಗಳ ದಣಿವು ಕಡಿಮೆಯಾಗಿತ್ತು, ಶಾಲೆಯ ವಾತಾವರಣವೂ ಒಂದಿಷ್ಟು ಸುಧಾರಿಸಿತ್ತು. ಆದರೆ ಅದು ವರ್ಷದವರೆಗೆ ಹಾಗೇ ಉಳಿಯಲಿಲ್ಲ.

ಈ ಮೂರನ್ನು ಇಟ್ಟುಕೊಂಡೇ ಎರಡನೇ ವಾಕ್ಯಕ್ಕೆ ಗೀಟು ಬಿತ್ತು. ‘ಎಲ್ಲರಿಗೂ’, ‘ಕಡ್ಡಾಯ’, ‘ಕಣ್ಣು ಮುಚ್ಚಿ’. ಮೂರೂ ಪದ ಹೋದವು.

ಕಡ್ಡಾಯ ಯಾಕೆ ಬೇಡ? ಮನಸ್ಸಿಲ್ಲದೆ ಕೂತ ಮಗು ಲಕ್ಷ್ಯ ಇಡುವುದಿಲ್ಲ, ಕಣ್ಣು ಮುಚ್ಚಿ ತೂಕಡಿಸುತ್ತದೆ. ವಸತಿ ಶಾಲೆಯ ದಿನ ನಸುಕಿಗೇ ಶುರುವಾಗುತ್ತದೆ, ಆ ಮಕ್ಕಳಿಗೆ ನಿದ್ದೆಯೇ ಸಾಲುತ್ತಿರುವುದಿಲ್ಲ. ಅಷ್ಟೇ ಅಲ್ಲ. ಮನೆಯಲ್ಲಿ ಹೊಡೆತ ತಿಂದ, ಅಪ್ಪನನ್ನೋ ಅವ್ವನನ್ನೋ ಕಳೆದುಕೊಂಡ, ರಾತ್ರಿ ಹೆದರಿ ಏಳುವ ಮಕ್ಕಳು ಹಾಸ್ಟೆಲ್ಲಿನಲ್ಲಿ ಇದ್ದೇ ಇರುತ್ತಾರೆ. ಅಂಥವರಿಗೆ ಕಣ್ಣು ಮುಚ್ಚಿ ಎದೆಯ ಬಡಿತದ ಮೇಲೆ ಗಮನ ಇಡು ಅಂದರೆ ಕೆಲವೊಮ್ಮೆ ಆ ನೆನಪೇ ಎದ್ದು ಬರುತ್ತದೆ. ಅದನ್ನು ಗುರುತಿಸುವುದು ಕಷ್ಟವಲ್ಲ. ಉಸಿರು ಜೋರಾಗುತ್ತದೆ, ಕೈ ಬೆವರುತ್ತದೆ, ಅಳು ಬಂದರೆ ನಿಲ್ಲುವುದಿಲ್ಲ. ಇಲ್ಲವೇ ಉಲ್ಟಾ, ಮಗು ಕಲ್ಲಿನಂತೆ ಕೂತು ಕರೆದರೂ ಓಗೊಡುವುದಿಲ್ಲ. ಇನ್ನು ಕೆಲವರಿಗೆ ಅಂದು ರಾತ್ರಿ ನಿದ್ದೆ ಬರುವುದಿಲ್ಲ. ಆಗ ‘ಇನ್ನೂ ಆಳವಾಗಿ ಗಮನಿಸು’ ಅನ್ನುವುದು ತಪ್ಪು. ಕಣ್ಣು ತೆರೆಸಬೇಕು, ಪಾದದ ಕಡೆಗೋ ಫ್ಯಾನಿನ ಸದ್ದಿನ ಕಡೆಗೋ ಗಮನ ಹೊರಳಿಸಬೇಕು, ಎದ್ದು ಓಡಾಡಲು ಬಿಡಬೇಕು. ಆಮೇಲೆ ಒಬ್ಬ ದೊಡ್ಡವರು ಹತ್ತಿರ ಕೂತು ಮಾತಾಡಬೇಕು.

ಹೀಗಾಗಿ ಅವಳ ಹೊಸ ವಾಕ್ಯ ಹೀಗಾಯಿತು: "9ನೇ ತರಗತಿಯಲ್ಲಿ ಇಷ್ಟ ಇರುವವರಿಗೆ ಮಾತ್ರ, ವಾರಕ್ಕೆ ಮೂರು ದಿನ, 10 ನಿಮಿಷ, ಎರಡನೇ ಅವಧಿಯ 10 ವಾರ. ಕಣ್ಣು ತೆರೆದೇ ಕೂರಬಹುದು. ಯಾವಾಗ ಬೇಕಾದರೂ ಎದ್ದು ಹೋಗಬಹುದು, ಕಾರಣ ಕೇಳಬಾರದು. ಬರದವರು ಗ್ರಂಥಾಲಯದಲ್ಲಿ ಓದಿಕೊಳ್ಳಬಹುದು." ಕೊನೆಯ ಸಾಲು ಅವಳದೇ. ಬೇರೆ ಕೆಲಸ ಕೊಡದಿದ್ದರೆ ‘ಇಷ್ಟ’ ಅನ್ನುವುದು ಹೆಸರಿಗಷ್ಟೇ ಎಂದು ಅವಳಿಗೆ ನನಗಿಂತ ಮೊದಲು ಹೊಳೆದಿತ್ತು.

ಲೆಕ್ಕ ಹಾಕಿದೆವು. ವಾರಕ್ಕೆ 30 ನಿಮಿಷ, ಹತ್ತು ವಾರಕ್ಕೆ 300 ನಿಮಿಷ. ಐದೇ ಗಂಟೆ! ಅಲ್ಲಿ 56, ಇಲ್ಲಿ 5. ಇಷ್ಟು ಕಡಿಮೆ ಕೊಟ್ಟು ಜಾಸ್ತಿ ಭರವಸೆ ಕೊಡುವುದು ಮೋಸ ಎಂದು ಅವಳೇ ಹೇಳಿದಳು. ಹಾಗಾದರೆ ಈ ಕಾರ್ಯಕ್ರಮದಲ್ಲಿ ಇನ್ನೇನಿರಬೇಕು?

ಇಲ್ಲಿ ನನಗೆ ಆಕ್ಸ್‌ಫರ್ಡ್‌ಗಿಂತ ಹತ್ತಿರ ಅನಿಸುವುದು ಬಿಹಾರ. ನಾಲಂದಾ ಜಿಲ್ಲೆಯ 74 ಸರ್ಕಾರಿ ಶಾಲೆಗಳಲ್ಲಿ ‘ಸೆಹರ್’ ಎಂಬ ಪ್ರಯೋಗ ನಡೆಯಿತು. ಅದರ ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಇದು ಮೈಂಡ್‌ಫುಲ್‌ನೆಸ್ ಪ್ರಯೋಗವಲ್ಲ. ಶಾಲೆಯ ವಾತಾವರಣ ಬದಲಿಸುವ ಪ್ರಯೋಗ. ಮಕ್ಕಳು ತಮ್ಮ ಕಷ್ಟ ಬರೆದು ಹಾಕಲು ಒಂದು ಪೆಟ್ಟಿಗೆ, ಗೋಡೆ ಪತ್ರಿಕೆ, ಮಕ್ಕಳೂ ಟೀಚರುಗಳೂ ಇರುವ ಒಂದು ಸಮಿತಿ, ಬೇಕಾದವರಿಗೆ ಒಬ್ಬೊಬ್ಬರಾಗಿ ಮಾತಾಡುವ ಅವಕಾಶ. ಶಾಲೆಗಳನ್ನು ಮೂರು ಪಾಲು ಮಾಡಿದ್ದರು. ಒಂದರಲ್ಲಿ ಈ ಕೆಲಸಕ್ಕೆಂದೇ ತರಬೇತಿ ಪಡೆದ, ಡಾಕ್ಟರೂ ಅಲ್ಲದ ಟೀಚರೂ ಅಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ. ಇನ್ನೊಂದರಲ್ಲಿ ಇದೇ ಕೆಲಸ ಅಲ್ಲಿನ ಟೀಚರ ಕೈಯಲ್ಲಿ. ಮೂರನೆಯದರಲ್ಲಿ ಇದ್ಯಾವುದೂ ಇಲ್ಲ. 9ನೇ ತರಗತಿ ಮಕ್ಕಳನ್ನು ಎಂಟು ತಿಂಗಳ ಮೇಲೆ ಕೇಳಿದಾಗ, ಮೊದಲ ಪಾಲಿನಲ್ಲಿ ವಾತಾವರಣ ಚೆನ್ನಾಗಿತ್ತು, ಖಿನ್ನತೆ, ಪೀಡನೆ, ಹೊಡೆದಾಟ ಎಲ್ಲಾ ಕಡಿಮೆಯಾಗಿತ್ತು. ಟೀಚರು ನಡೆಸಿದ ಪಾಲಿಗೂ ಏನೂ ಮಾಡದ ಪಾಲಿಗೂ ವ್ಯತ್ಯಾಸವೇ ಕಾಣಲಿಲ್ಲ.

ಅದೇ ಪೆಟ್ಟಿಗೆ, ಅದೇ ಗೋಡೆ ಪತ್ರಿಕೆ. ಬದಲಾದದ್ದು ವ್ಯಕ್ತಿ ಮಾತ್ರ. ಟೀಚರಿಗೆ ಪಾಠವಿದೆ, ಹಾಜರಿ ಇದೆ. ಜೊತೆಗೆ ಅವರೇ ಅಂಕ ಹಾಕುವವರು, ಅವರೇ ಬೈಯುವವರು. ನಮಗೆ ಅಂಕ ಹಾಕುವವರ ಮುಂದೆ ನಾವು ಮನಸ್ಸು ಬಿಚ್ಚುತ್ತೇವಾ? ಇದು ನನ್ನ ಊಹೆ. ಆದರೆ ಮಾಸ್ತರನಾದ ನನಗೇ ಇದು ಸರಿ ಅನಿಸುತ್ತದೆ.

ಹಾಗಾಗಿ ಪತ್ರಕ್ಕೆ ಒಂದು ಹೊಸ ಪ್ಯಾರಾ ಸೇರಿತು. ಕಷ್ಟ ಬರೆದು ಹಾಕಲು ನಮ್ಮ ಶಾಲೆಗೂ ಒಂದು ಪೆಟ್ಟಿಗೆ ಬೇಕು ಎಂಬುದು ಅದರ ಮೊದಲ ಸಾಲು. ಕೇಳಿಸಿಕೊಳ್ಳಲು ಒಬ್ಬರೂ ಬೇಕಲ್ಲ. ಹೊಸ ಹುದ್ದೆ ಕೇಳಿದರೆ ಪತ್ರ ಜಿಲ್ಲಾ ಕಚೇರಿಗೆ ಹೋಗಿ ಅಲ್ಲೇ ಮಲಗುತ್ತದೆ. ಅವಳ ಶಾಲೆಯಲ್ಲಿ ಒಬ್ಬ ನರ್ಸ್ ಇದ್ದಾರೆ. ಮಕ್ಕಳು ‘ಸಿಸ್ಟರ್’ ಅನ್ನುತ್ತಾರೆ. ಅವರು ಅಂಕ ಹಾಕುವುದಿಲ್ಲ. ಹೊಟ್ಟೆನೋವು ಅಂತ ಬರುವ ಮಕ್ಕಳಲ್ಲಿ ಯಾರಿಗೆ ನಿಜಕ್ಕೂ ಹೊಟ್ಟೆನೋವು, ಯಾರಿಗೆ ಮನೆಯ ನೆನಪು ಎಂದು ಅವರಿಗೆ ಗೊತ್ತು. "ಸಿಸ್ಟರ್ ಅವರು ಒಪ್ಪಿದರೆ, ವಾರಕ್ಕೆ ಎರಡು ಸಂಜೆ ಅರ್ಧ ಗಂಟೆ ನಮ್ಮ ಮಾತು ಕೇಳಲು ಸಮಯ ಇಡಬೇಕು. ಅವರಿಗೆ ಮೊದಲು ತರಬೇತಿ ಕೊಡಿಸಬೇಕು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗವನ್ನು ಇದಕ್ಕೆ ಕೇಳಬಹುದು" ಎಂದು ಬರೆದಳು. ಕೇಳಿಸಿಕೊಳ್ಳುವವರ ಕೈ ಮೀರಿದ ವಿಷಯ ಬಂದರೆ ಮುಂದೆ ಎಲ್ಲಿಗೆ ಎನ್ನುವುದೂ ಪತ್ರದಲ್ಲಿರಬೇಕು. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮಗುವಿನ ಮೇಲೆ ದೌರ್ಜನ್ಯದ ವಿಷಯವಾದರೆ 1098. ಹಾಸ್ಟೆಲ್ ಮಕ್ಕಳ ಕೈಯಲ್ಲಿ ಮೊಬೈಲ್ ಇರುವುದಿಲ್ಲ. ಆದ್ದರಿಂದ ಸಿಸ್ಟರ್ ಕೋಣೆಯ ಫೋನಿನಿಂದ ಕರೆ ಮಾಡಲು ಬಿಡಬೇಕು ಎಂಬ ಸಾಲೂ ಬಂತು. ಇಂಥ ಸಣ್ಣ ಸಾಲು ಬಿಟ್ಟರೆ ನಂಬರು ಗೋಡೆಯ ಮೇಲೆ ಬರೀ ಬಣ್ಣವಾಗಿ ಉಳಿಯುತ್ತದೆ.

ಟೀಚರುಗಳನ್ನು ಬಿಟ್ಟೇಬಿಡುವುದಾ? ಇಲ್ಲ. ಬ್ರಿಟನ್ನಿನಲ್ಲಿ ಲಾಭ ಕಂಡದ್ದೇ ಅವರಿಗೆ. ಆದ್ದರಿಂದ ಇಷ್ಟವಿರುವ ಇಬ್ಬರು ಟೀಚರು ಮೊದಲು ತಮಗಾಗಿ ಎಂಟು ವಾರ ಕಲಿಯಲಿ, ಆಮೇಲೆ ಆ ಹತ್ತು ನಿಮಿಷ ನಡೆಸಲಿ ಎಂದಾಯಿತು. ತಾನು ಕೂತು ನೋಡದವರು ಕಲಿಸಿದರೆ ಅದು ‘ಸುಮ್ನೆ ಕೂಡ್ರಿ, ಗದ್ದಲ ಮಾಡಬ್ಯಾಡ್ರಿ’ ಆಗಿಬಿಡುತ್ತದೆ. ಮಕ್ಕಳಿಗೆ ಅದು ಶಿಕ್ಷೆ ಅನಿಸುತ್ತದೆ.

ಮೂರನೇ ಗೀಟು ‘ಫಲಿತಾಂಶ ಸುಧಾರಿಸುತ್ತದೆ’ ಎಂಬುದಕ್ಕೆ. ಈ ಸಾಲನ್ನು ಅವಳು ಯಾಕೆ ಬರೆದಳೋ ನನಗೆ ಅರ್ಥವಾಗುತ್ತದೆ. 2025ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ರಾಜ್ಯಕ್ಕೇ ಕೊನೆ, 42 ಪ್ರತಿಶತದ ಆಸುಪಾಸು. ಅಂದಿನಿಂದ ಇಲ್ಲಿನ ಯಾವ ಪ್ರಿನ್ಸಿಪಾಲರ ತಲೆಯಲ್ಲೂ ಬೇರೆ ಸಂಖ್ಯೆ ಇಲ್ಲ. ಆದರೆ ಐದು ಗಂಟೆ ಉಸಿರು ಗಮನಿಸಿದರೆ ಗಣಿತದ ಅಂಕ ಏರುತ್ತದೆ ಎಂದು ಹೇಳುವ ಧೈರ್ಯ ನನಗಿಲ್ಲ. ಅಂಕದ ಆಸೆ ತೋರಿಸಿ ಒಪ್ಪಿಸಿದರೆ ಮಾರ್ಚ್ ಮುಗಿದ ಮೇಲೆ ಅದೇ ಅಂಕ ತೋರಿಸಿ ನಿಲ್ಲಿಸುತ್ತಾರೆ.

"ಮತ್ತ ಉಪಯೋಗ ಆಯ್ತೋ ಇಲ್ಲೋ ಹೆಂಗ ಗೊತ್ತಾಗ್ತದ?" ಎಂದಳು. ಇದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

ವಿಶ್ವ ಆರೋಗ್ಯ ಸಂಸ್ಥೆಯ ಐದು ಪ್ರಶ್ನೆಗಳ ಒಂದು ಪಟ್ಟಿ ಇದೆ, ಹೆಸರು WHO-5. ಕಳೆದ ಎರಡು ವಾರದಲ್ಲಿ ಎಷ್ಟು ಹೊತ್ತು ಖುಷಿಯಾಗಿದ್ದೆ, ಸಮಾಧಾನವಾಗಿದ್ದೆ, ಚುರುಕಾಗಿದ್ದೆ, ಎದ್ದಾಗ ನಿದ್ದೆ ಆಗಿದೆ ಅನಿಸಿತು, ದಿನದಲ್ಲಿ ಮನಸ್ಸಿಗೆ ಹಿಡಿಸುವಂಥದ್ದು ಇತ್ತು. ಪ್ರತಿಯೊಂದಕ್ಕೂ 0ರಿಂದ 5. ಕೂಡಿಸಿ 4ರಿಂದ ಗುಣಿಸಿದರೆ 100ಕ್ಕೆ ಎಷ್ಟು ಎಂದು ಬರುತ್ತದೆ. ಅವಳು ತನ್ನದೇ ತುಂಬಿದಳು: 3, 2, 3, 1, 2. ಒಟ್ಟು 11, ಅಂದರೆ 44. ನಿದ್ದೆಗೆ ಹಾಕಿದ 1 ನೋಡಿ ನಾನೂ ಸುಮ್ಮನಾದೆ. 50ಕ್ಕಿಂತ ಕಡಿಮೆ ಬಂದರೆ ರೋಗ ಇದೆ ಅಂತಲ್ಲ. ಯಾರಾದರೂ ಕೂತು ಮಾತಾಡಿಸಬೇಕು ಅಂತ. ಮಾತಾಡಿಸಿದೆ. ಅದು ಇಲ್ಲಿ ಬೇಡ.

ಈಗ ಅವಳ ತರಗತಿಯಲ್ಲಿ 50 ಮಕ್ಕಳು. ಎಲ್ಲರೂ ಒಪ್ಪಿದರೂ ಚೀಟಿ ಎತ್ತಿ 25 ಮಂದಿಗೆ ಈಗ, ಉಳಿದ 25 ಮಂದಿಗೆ ಹತ್ತು ವಾರದ ಮೇಲೆ ಎಂದು ಇಟ್ಟುಕೊಳ್ಳೋಣ. ಹೋಲಿಸಲು ಇನ್ನೊಂದು ಗುಂಪು ಬೇಕೇ ಬೇಕು. ಇಲ್ಲದಿದ್ದರೆ ಸಂಕ್ರಾಂತಿ ಹೊತ್ತಿಗೆ ಮಕ್ಕಳು ಖುಷಿಯಾಗಿದ್ದರೆ ಅದು ಅಭ್ಯಾಸದಿಂದಲೋ, ಚಳಿಯಿಂದಲೋ, ಟೆಸ್ಟ್ ಮುಗಿದದ್ದರಿಂದಲೋ ಹೇಳಲಾಗದು. ಆದರೆ ಇಲ್ಲೂ ಒಂದು ತೊಡಕಿದೆ. ಈ ಐದು ಪ್ರಶ್ನೆಯ ಹಾಳೆಯಲ್ಲಿ ಮಕ್ಕಳ ಅಂಕಗಳು ಸರಾಸರಿಯಿಂದ 20ರಷ್ಟು ಆಚೆ ಈಚೆ ಹರಡಿವೆ ಎಂದುಕೊಳ್ಳಿ. ಆಗ 25ರ ಎರಡು ಗುಂಪುಗಳ ಸರಾಸರಿಯಲ್ಲಿ 10, 11 ಅಂಕದ ವ್ಯತ್ಯಾಸ ಏನೂ ಮಾಡದೆಯೇ ಬರಬಹುದು, ಚೀಟಿಯ ಆಟದಿಂದಲೇ. ಇಂಥ ಕಾರ್ಯಕ್ರಮದ ನಿಜವಾದ ಪರಿಣಾಮ ಇದ್ದರೂ 4 ಅಂಕದಷ್ಟಿರಬಹುದು. 4 ಅಂಕವನ್ನು ನಂಬಿಕೆಯಿಂದ ಹಿಡಿಯಲು ಒಂದೊಂದು ಗುಂಪಿನಲ್ಲೂ ಸುಮಾರು 400 ಮಕ್ಕಳು ಬೇಕು. ಅವಳ ಇಡೀ ಶಾಲೆಯಲ್ಲೇ ಅಷ್ಟಿಲ್ಲ.

ಅಂದರೆ ‘ಉಪಯೋಗವಾಯಿತು’ ಎಂದು ಒಂದು ಶಾಲೆ ತೋರಿಸಲಾರದು. ಅಳೆಯಬಹುದಾದದ್ದು ಬೇರೆ ಇದೆ. ಹತ್ತನೇ ವಾರದಲ್ಲಿ ಎಷ್ಟು ಮಂದಿ ಇನ್ನೂ ತಾವಾಗಿ ಬರುತ್ತಿದ್ದಾರೆ? ಹೇಳಿಸಿಕೊಳ್ಳದೆ ರಾತ್ರಿ ಮಲಗುವ ಮುಂಚೆ ಎಷ್ಟು ಮಂದಿ ಮಾಡಿಕೊಂಡರು? ಯಾರಿಗಾದರೂ ಕಷ್ಟ ಜಾಸ್ತಿಯಾಯಿತಾ? ಪೆಟ್ಟಿಗೆಗೆ ಚೀಟಿ ಬಿತ್ತಾ, ಬಿದ್ದ ಚೀಟಿಗೆ ಏನಾದರೂ ಆಯಿತಾ? ಐದು ಪ್ರಶ್ನೆಯ ಹಾಳೆಯನ್ನೂ ಇಟ್ಟುಕೊಂಡೆವು, ಹೆಸರಿಲ್ಲದೆ. ಹೆಸರು ಬರೆಸಿದರೆ ಮಕ್ಕಳು ನಿಜ ಬರೆಯುವುದಿಲ್ಲ. ಬರೆಸದಿದ್ದರೆ 20 ಅಂಕದ ಮಗು ಯಾರೆಂದು ಗೊತ್ತಾಗುವುದಿಲ್ಲ. ಇದಕ್ಕೆ ಪೂರ್ತಿ ಪರಿಹಾರವಿಲ್ಲ. ಹಾಳೆಯ ಕೆಳಗೆ ‘ಕಡಿಮೆ ಬಂದರೆ ಸಿಸ್ಟರ್ ಹತ್ತಿರ ಹೋಗು, ಅಥವಾ 14416’ ಎಂದು ಅಚ್ಚು ಹಾಕಿಸುವುದಷ್ಟೇ ನಮಗೆ ಹೊಳೆದದ್ದು.

ಪತ್ರದ ಕೊನೆಯ ಪ್ಯಾರಾ ಅವಳೇ ಬರೆದಳು, ನಾನು ಒಂದಕ್ಷರ ಮುಟ್ಟಲಿಲ್ಲ: "ಸರ್, ಇದರಿಂದ ಎಲ್ಲರಿಗೂ ಒಳ್ಳೆಯದಾಗುತ್ತದೆ ಎಂದು ನಾನು ಹೇಳುವುದಿಲ್ಲ. ದೊಡ್ಡ ಪ್ರಯೋಗದಲ್ಲಿ ಆಗಿಲ್ಲ. ಐದನೇ ವಾರದಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿ ಬರುತ್ತಿದ್ದರೆ ಕೂರುವುದನ್ನು ನಿಲ್ಲಿಸಿಬಿಡಿ. ಆದರೆ ಪೆಟ್ಟಿಗೆ ಮತ್ತು ಸಿಸ್ಟರ್ ಸಮಯ ನಿಲ್ಲಿಸಬೇಡಿ. ಆಟದ ಪೀರಿಯಡ್ ತೆಗೆದುಕೊಳ್ಳಬೇಡಿ."

ರಜೆ ಮುಗಿದು ಹೋದ ವಾರದ ಮೇಲೆ ಭಾನುವಾರ ಫೋನ್ ಬಂತು. ಸರ್ ಓದಿದರಂತೆ. ಹತ್ತು ನಿಮಿಷದ ವಿಷಯ ಟೀಚರ ಸಭೆಯಲ್ಲಿ ಇಡುತ್ತೇನೆ ಅಂದರಂತೆ. ಪೆಟ್ಟಿಗೆಗೆ ಮಾತ್ರ ಅಲ್ಲೇ ಒಪ್ಪಿ, ಆಫೀಸಿನ ಬಾಗಿಲ ಪಕ್ಕ ಹಾಕಿಸುತ್ತೇನೆ ಎಂದರಂತೆ.

"ನಾ ಅಂದೆ ಕಾಕಾ, ಅಲ್ಲಿ ಬ್ಯಾಡ್ರಿ ಸರ್, ಚೀಟಿ ಹಾಕೋರನ್ನ ಎಲ್ಲಾರೂ ನೋಡ್ತಾರ. ನೀರಿನ ಫಿಲ್ಟರ್ ಹತ್ರ ಹಾಕ್ರಿ, ಅಲ್ಲಿ ದಿನಾ ಎಲ್ಲಾರೂ ಬರ್ತಾರ."